ನೆಲ, ಬಾಗಿಲು, ಬೀರು: ಎಲ್ಲಕ್ಕೂ ಒಂದೇ ಬಣ್ಣ ಬೇಡಮ್ಮ

ಗುಬ್ಬಿ

ಚಿ. ಸೌ. ಶ್ರುತಿಗೆ ಮಾವನ ಆಶೀರ್ವಾದಗಳು.

ತುಮಕೂರಿನ ಹೊಸ ಮನೆಯ ಹಾಲ್‌ನಲ್ಲಿ ಎಲ್ಲವನ್ನೂ ತೇಗದ ಬಣ್ಣಕ್ಕೇ ತರಬೇಕೆಂದು ಬರೆದಿದ್ದೀಯ. ಅದೊಂದು ಬೇಡಮ್ಮ. ತೇಗದ ಬಾಗಿಲು, ಅಜ್ಜಿಯ ಹಲಸಿನ ಬೀರು, ತೇಗದಂತೆ ಅಚ್ಚು ಹಾಕಿದ ಟೈಲ್ಸ್, ಲ್ಯಾಮಿನೇಟ್ ಹಚ್ಚಿದ ಟಿವಿ ಯೂನಿಟ್, ಈ ನಾಲ್ಕೂ ಒಂದೇ ಬಣ್ಣಕ್ಕೆ ಬರುವುದಿಲ್ಲ, ಹತ್ತಿರಕ್ಕೆ ಬಂದು ನಿಲ್ಲುತ್ತವೆ. ಹಾಗೆ ಕೂಡಿಯೂ ಕೂಡದ ಬಣ್ಣವೇ ಕಣ್ಣಿಗೆ ಚುಚ್ಚುವುದು. ಸ್ಪಷ್ಟವಾಗಿ ಬೇರೆ ಇರುವುದನ್ನು ಕಣ್ಣು ಒಪ್ಪಿಕೊಳ್ಳುತ್ತದೆ. ಇವತ್ತು ಹೇಗೋ ಕೂಡಿಸಿದರೂ ಅದು ಉಳಿಯದು. ಹೊಸ ತೇಗ ಬೆಳಕಿಗೆ ಬರಬರುತ್ತಾ ಹೊಂಗಂದು ಬಣ್ಣಕ್ಕೆ ತಿರುಗುತ್ತದೆ. ಹಲಸು ಕೊಯ್ದಾಗ ಹಳದಿ, ವರ್ಷ ಕಳೆದಂತೆ ಕೆಂಗಂದು. ಟೈಲ್ಸ್ ಮಾತ್ರ ಹಾಕಿದ ದಿನದ ಬಣ್ಣದಲ್ಲೇ ಇರುತ್ತದೆ.

ನೋಡಬೇಕಾದ್ದು ಮರ ತಿಳಿಯೋ ಗಾಢವೋ ಎಂಬುದನ್ನಲ್ಲ, ಒಳಗಿನ ಛಾಯೆಯನ್ನು. ಬೆಳಿಗ್ಗೆ ಹತ್ತರ ಹೊತ್ತಿಗೆ ಲೈಟ್ ಆರಿಸಿ, ಕಿಟಕಿ ತೆರೆದು, ಒಂದು ಬಿಳಿ ಹಾಳೆಯನ್ನು ಮರಕ್ಕೆ ಒತ್ತಿ ಹಿಡಿ. ಬಿಳಿಯ ಪಕ್ಕದಲ್ಲಿ ಅದು ಹಳದಿಗೆ ಎಳೆಯುತ್ತದೋ, ಕೆಂಪಿಗೋ, ಬೂದಿಗೋ ಎಂಬುದು ಕಾಣುತ್ತದೆ. ತೇಗ ಹಳದಿಗೆ, ನಿಮ್ಮ ಹಳೆಯ ಹಲಸು ಕೆಂಪಿಗೆ ಎಳೆದೀತು. ಎರಡೂ ಬೆಚ್ಚಗಿನ ಛಾಯೆಗಳು, ಜೊತೆಗೆ ಬಾಳುತ್ತವೆ. ನೀನು ಮೆಚ್ಚಿದ ಇನ್ನೊಂದು ಟೈಲ್ಸ್ ಬೂದಿ ಛಾಯೆಯದ್ದು ಅಂದಿದ್ದೀಯ. ಅದನ್ನು ಹಾಕಿದರೆ ಬಾಗಿಲು ಇನ್ನಷ್ಟು ಕಿತ್ತಳೆಯಾಗಿ, ನೆಲ ಧೂಳು ಹಿಡಿದಂತೆ ಕಾಣುತ್ತದೆ. ಫೋಟೊ ನೋಡಿ ತೀರ್ಮಾನಿಸಬೇಡ, ಮೊಬೈಲು ಬಣ್ಣವನ್ನು ತನಗೆ ಬೇಕಾದಂತೆ ತಿದ್ದಿಬಿಡುತ್ತದೆ.

ಬದಲಿಸಲಾಗದ್ದರಿಂದ ಶುರು ಮಾಡು. ಬೀರು ಹಾಗೇ ಇರಲಿ, ಅದು ಕೋಣೆಯಲ್ಲೇ ಗಾಢವಾದದ್ದು. ಬಾಗಿಲಿಗೆ ಬೀರುವಿನ ಬಣ್ಣ ಬರಲೆಂದು ಕೆಂಪು ಸ್ಟೇನರ್ ಹಚ್ಚಿಸಬೇಡ. ಮರದ ತುದಿಭಾಗಗಳು ಬಣ್ಣವನ್ನು ಹೆಚ್ಚು ಕುಡಿದು ಕಪ್ಪಾಗುತ್ತವೆ, ತೇಗದ ನರ ಮಂಕಾಗುತ್ತದೆ, ಬೇಡವೆನಿಸಿದರೆ ಪೂರ್ತಿ ಕೆರೆದೇ ತೆಗೆಯಬೇಕು. ಬಣ್ಣವಿಲ್ಲದ ಪಾಲಿಶ್ ಸಾಕು. ಅದು ಹೇಗೆ ಬರುತ್ತದೆಂದು ಅಂದಾಜು ಬೇಕಿದ್ದರೆ ಬರಿಯ ಮರದ ಮೇಲೆ ಒದ್ದೆ ಬಟ್ಟೆ ಆಡಿಸು, ಆ ಒಂದು ಕ್ಷಣದ ಬಣ್ಣವೇ ಹೆಚ್ಚು ಕಡಿಮೆ ಪಾಲಿಶ್ ಆದ ಮೇಲಿನ ಬಣ್ಣ. ಎಣ್ಣೆಯ ವಾರ್ನಿಶ್ ಕಾಲಕ್ರಮದಲ್ಲಿ ಇನ್ನಷ್ಟು ಹಳದಿ ಸೇರಿಸುತ್ತದೆ, ನೀರಿನಲ್ಲಿ ಬೆರೆಸುವ ಪಾಲಿಯುರಿಥೇನ್ ಪಾಲಿಶ್ ಅಷ್ಟು ಸೇರಿಸುವುದಿಲ್ಲ.

ಆದರೂ ಕೆಲಸ ಶುರುವಾಗುವ ಮುಂಚೆ ಆಚಾರ್ರ ಹತ್ತಿರ ಅದೇ ಬಾಗಿಲಿನ ಮರದ ಒಂದಡಿ ತುಂಡು ಕೇಳಿ ತಗೊ. ಬಾಗಿಲಿಗೆ ಆಡಿಸುವ ಉಪ್ಪು ಕಾಗದವನ್ನೇ ಅದಕ್ಕೂ ಆಡಿಸಿ, ಸೀಲರ್‌ನಿಂದ ಕೊನೆಯ ಕೋಟ್‌ವರೆಗೆ ಎಲ್ಲವನ್ನೂ ಹಾಕಿಸು. ಅರ್ಧ ಕೆಲಸದ ಬಣ್ಣ ನಂಬುವಂಥದ್ದಲ್ಲ. ಹೊಳಪಿಗೂ ಹೇಳಬೇಕು: ನೆಲ ಹೊಳಪಿಲ್ಲದ ಮ್ಯಾಟ್ ಇದ್ದು ಬಾಗಿಲು ಕನ್ನಡಿಯಂತೆ ಹೊಳೆದರೆ, ಬಣ್ಣ ಹೊಂದಿದ್ದರೂ ಹೊಂದಿಲ್ಲವೆಂದೇ ಕಾಣುತ್ತದೆ. ಬಾಗಿಲಿಗೂ ಮ್ಯಾಟ್ ಪಾಲಿಶ್ ಹಾಕಿಸು.

ಈಗ ನೆಲ. ತೇಗದ ಟೈಲ್ಸ್ ಬಿಟ್ಟು, ಬಾಗಿಲಿಗಿಂತ ಎರಡು ಮೂರು ಮೆಟ್ಟಿಲು ತಿಳಿಯಾದ, ಒಣಹುಲ್ಲಿನ ಬಣ್ಣದ್ದನ್ನು ಆರಿಸು. ಛಾಯೆ ಹಳದಿಯದ್ದೇ ಇರಲಿ. ಆಗ ನೆಲ ತಿಳಿ, ಬಾಗಿಲು ನಡುವಿನದು, ಬೀರು ಗಾಢ ಎಂದು ಮೂರೂ ಬೇರೆ ಬೇರೆ ನಿಲ್ಲುತ್ತವೆ. ನರದ ಚಿತ್ರವೂ ಮೆತ್ತಗಿರಲಿ, ಗಂಟುಗಳ ಆರ್ಭಟ ನೆಲದಲ್ಲಿದ್ದರೆ ಬಾಗಿಲಿನ ನಿಜವಾದ ನರದತ್ತ ಕಣ್ಣೇ ಹೋಗದು.

ಟಿವಿ ಯೂನಿಟ್‌ಗೆ ನಾಲ್ಕನೆಯ ಮರ ತರಬೇಡ. ಮುಚ್ಚಳಗಳಿಗೆ ಕೆನೆಬಣ್ಣದ ಸಾದಾ ಲ್ಯಾಮಿನೇಟ್, ಅಂಚಿಗೆ ಬಾಗಿಲಿನ ತೇಗದ್ದೇ ಬೀಡಿಂಗ್, ಅದಕ್ಕೂ ಅದೇ ಪಾಲಿಶ್. ಹಲಸಿನ ಬಣ್ಣ ಬೀರುವೊಂದರಲ್ಲೇ ಇದ್ದರೆ ಅದು ನೆಂಟರ ಮನೆಯಿಂದ ಬಂದು ಕೂತಂತೆ ಕಾಣುತ್ತದೆ. ಎದುರು ಗೋಡೆಯ ಫೋಟೊ ಫ್ರೇಮ್‌ಗೋ ಒಂದು ಮಣೆಗೋ ಆ ಕೆಂಗಂದು ಬರಲಿ. ಕೆಂಪು ಸ್ಟೇನರ್ ಬೇಕಿದ್ದರೆ ಅಂಥ ಸಣ್ಣ ವಸ್ತುವಿನ ಮೇಲೆ ಹಾಕಿಸು, ಕೆಟ್ಟರೆ ಇನ್ನೊಂದು ಮಾಡಿಸಬಹುದು.

ಟೈಲ್ಸ್‌ಗೆ ದುಡ್ಡು ಕಟ್ಟುವ ಮುನ್ನ ಅಂಗಡಿಯಿಂದ ಎರಡು ಪಟ್ಟಿ ಮನೆಗೆ ತಂದು, ಬಾಗಿಲ ಬುಡದಲ್ಲೊಂದು, ಬೀರುವಿನ ಕಾಲಹತ್ತಿರ ಒಂದು ನೆಲಕ್ಕೇ ಇಟ್ಟು ನೋಡು. ಪಾಲಿಶ್ ಮಾಡಿದ ತುಂಡೂ ಪಕ್ಕದಲ್ಲಿರಲಿ. ಎತ್ತಿ ಹಿಡಿದರೆ ಬೆಳಕು ಬೇರೆ ಕೋನದಲ್ಲಿ ಬೀಳುತ್ತದೆ. ಮಧ್ಯಾಹ್ನ ಒಮ್ಮೆ, ರಾತ್ರಿ ಬಲ್ಬ್ ಹಾಕಿ ಒಮ್ಮೆ ನೋಡು. ಹಗಲು ಚೆನ್ನಾಗಿದ್ದು ರಾತ್ರಿ ಮರವೆಲ್ಲ ಬಿಳಿಚಿಕೊಂಡರೆ ತಪ್ಪು ಟೈಲ್ಸ್‌ನದ್ದಲ್ಲ, 6500 ಕೆಲ್ವಿನ್‌ನ ತಂಪು ಬಿಳಿ ಬಲ್ಬಿನದ್ದು. 3000ದಿಂದ 4000ದೊಳಗಿನದನ್ನು ಹಾಕಿ ಮತ್ತೊಮ್ಮೆ ನೋಡಿ, ಆಮೇಲೆ ಆರ್ಡರ್ ಕೊಡು.

ಇಂತಿ,
ನಿನ್ನ ಮಾವ