ಕೈ ಎತ್ತುವ ಭಯ

ಮೈಸೂರು

ಚಿ. ಕು. ಸುಮೇಧಾಳಿಗೆ ನಿನ್ನ ಚಿಕ್ಕತಾತ ಮಾಡುವ ಅನೇಕ ಆಶೀರ್ವಾದಗಳು.

ನಿನ್ನ ಕಾಗದ ಬಂದು ನಾಲ್ಕು ದಿನವಾಯಿತು. ಊರಿನ ಸಮಾಚಾರ, ಮನೆಯ ಸಮಾಚಾರ ಎಲ್ಲವನ್ನೂ ನಿನ್ನ ತಾಯಿ ಹೇಳಿರುತ್ತಾಳಾದ್ದರಿಂದ ಅದನ್ನು ಇಲ್ಲಿ ಬರೆಯುವುದಿಲ್ಲ. ಕಾಗದದ ಎರಡನೆಯ ಪುಟದ ಒಂದು ಮಾತು ಮಾತ್ರ ನನ್ನನ್ನು ಬಿಟ್ಟಿಲ್ಲ. ನೀನು ಧ್ವನಿ ಮುದ್ರಿಸುತ್ತಿರುವ ಸಿನಿಮಾದಲ್ಲಿ ಆ ಹಿರಿಯ ನಟಿ ಅಳುತ್ತಾ ಮಾತನಾಡುವ ದೃಶ್ಯದಲ್ಲಿ ಹಿಂದಿನ ಕೋಣೆಯ ಫ್ರಿಜ್ ಗುಂಯ್ ಎನ್ನತೊಡಗಿದ್ದು ನಿನ್ನ ಹೆಡ್‌ಫೋನಿನಲ್ಲಿ ಕೇಳಿಸಿತು, ಧ್ವನಿ ಕೆಟ್ಟಿತೆಂದು ತಿಳಿಸಲು ಕೈ ಎತ್ತಬೇಕೆಂದುಕೊಂಡೆ, ಎತ್ತಲಾಗಲಿಲ್ಲ, ನಿರ್ದೇಶಕರು ಓಕೆ ಅಂದರು, ಎಲ್ಲರೂ ಚಪ್ಪಾಳೆ ತಟ್ಟಿದರು ಎಂದು ಬರೆದಿದ್ದೀಯೆ. ಅದರ ಕೆಳಗೆ, ‘ಚಿಕ್ಕತಾತ, ನಾನು ಈ ಕೆಲಸಕ್ಕೆ ಹುಟ್ಟಿದವಳಲ್ಲವೇನೋ’ ಎಂದು ಬರೆದು ಹೊಡೆದುಹಾಕಿದ್ದೀಯೆ. ಹೊಡೆದುಹಾಕಿದ್ದನ್ನೇ ನಾನು ಹೆಚ್ಚು ಸಲ ಓದಿದ್ದೇನೆ.

1968ರಲ್ಲಿ ಮದರಾಸಿನ ಒಂದು ಸ್ಟುಡಿಯೊದಲ್ಲಿ ನಾನು ಧ್ವನಿಗ್ರಾಹಕರೊಬ್ಬರ ಕೈಕೆಳಗೆ ಸಹಾಯಕನಾಗಿ ಸೇರಿದಾಗ ಅವರಿಗೆ ಅರವತ್ತು ಹತ್ತಿರವಾಗಿತ್ತು. ಟಾಕಿ ಬಂದ ಹೊಸದರಲ್ಲಿ ಹುಡುಗನಾಗಿ ಈ ಕೆಲಸಕ್ಕೆ ಬಂದವರು ಅವರು. ಮಧ್ಯಾಹ್ನ ಊಟವಾದ ಮೇಲೆ ಎಲೆಅಡಿಕೆ ಹಾಕಿಕೊಂಡು ಅವರು ಹೇಳುತ್ತಿದ್ದ ಕಥೆಗಳೆಲ್ಲವೂ ಕೊನೆಗೆ ಒಂದೇ ಕಡೆಗೆ ಬರುತ್ತಿದ್ದವು: ಸೆಟ್ಟಿನಲ್ಲಿ ಯಾರು ಯಾವಾಗ ಕೈ ಎತ್ತಬಹುದು. ಮೂಕಿಯ ಕಾಲದಲ್ಲಿ ಈ ಪ್ರಶ್ನೆಯೇ ಇರಲಿಲ್ಲವಂತೆ. ಕ್ಯಾಮೆರಾ ಕೈಯಿಂದ ತಿರುಗುತ್ತಿದ್ದಾಗಲೇ ನಿರ್ದೇಶಕರು ‘ಇನ್ನೂ ಬಗ್ಗು, ಈಗ ಅಳು’ ಎಂದು ಕೂಗಿ ಹೇಳುತ್ತಿದ್ದರು, ಪಕ್ಕದಲ್ಲಿ ಬಡಗಿ ಮುಂದಿನ ಸೆಟ್ಟಿಗೆ ಮೊಳೆ ಹೊಡೆಯುತ್ತಿದ್ದ, ಯಾವುದೂ ಯಾರಿಗೂ ಅಡ್ಡಿಯಲ್ಲ. ಮೈಕು ಬಂದ ದಿನವೇ ಬಡಗಿಯೂ ಸುಮ್ಮನಾದ, ನಿರ್ದೇಶಕರೂ ಸುಮ್ಮನಾದರು. ಅದುವರೆಗೆ ಸೆಟ್ಟಿನಲ್ಲಿ ಇಲ್ಲದೇ ಇದ್ದ ಒಬ್ಬ ಮನುಷ್ಯ, ಕಿವಿಗೆ ಯಂತ್ರ ಹಾಕಿಕೊಂಡು ಮೂಲೆಯಲ್ಲಿ ಕುಳಿತವನು, ‘ಇದು ಆಗುವುದಿಲ್ಲ’ ಎಂದರೆ ಯಜಮಾನರೂ ಕೇಳಬೇಕಾಯಿತು. ನೀನು ಕುಳಿತಿರುವುದು ಅವನ ಜಾಗದಲ್ಲಿ.

ಅವನ ಮಾತಿಗೆ ಅಷ್ಟು ಬೆಲೆ ಏಕೆ ಬಂತೆಂಬುದನ್ನು ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ, ಬೇಸರಿಸಬೇಡ. ನಮ್ಮ ದೇಶದ ಮೊದಲ ಟಾಕಿ ‘ಆಲಂ ಆರಾ’ ಮುಂಬಯಿಯ ಮೆಜೆಸ್ಟಿಕ್ ಚಿತ್ರಮಂದಿರದಲ್ಲಿ ತೆರೆಕಂಡದ್ದು 1931ರ ಮಾರ್ಚ್ 14ರಂದು. ಅದನ್ನು ಮಾಡಿದ ಆರ್ದೇಶಿರ್ ಇರಾನಿಯವರ ಸ್ಟುಡಿಯೊ ರೈಲು ಹಳಿಯ ಪಕ್ಕದಲ್ಲಿತ್ತು, ಸದ್ದು ತಡೆಯುವ ಗೋಡೆಗಳಿರಲಿಲ್ಲ. ಆದ್ದರಿಂದ ರೈಲುಗಳ ಓಡಾಟ ನಿಂತ ಮೇಲೆ, ರಾತ್ರಿಯ ಹೊತ್ತಿನಲ್ಲಿ, ಹೆಚ್ಚಿನ ಚಿತ್ರೀಕರಣ ನಡೆಯಿತು. ಮೈಕನ್ನು ತಲೆಯ ಮೇಲೆ ಹಿಡಿಯುವ ಉದ್ದನೆಯ ಕೋಲೂ ಅವರ ಬಳಿ ಇರಲಿಲ್ಲವಾಗಿ, ಕ್ಯಾಮೆರಾಕ್ಕೆ ಕಾಣದ ಕಡೆಗಳಲ್ಲೆಲ್ಲ ಮೈಕನ್ನು ಬಚ್ಚಿಡಬೇಕಾಯಿತು. ಇವೆಲ್ಲ ನಿನಗೂ ಗೊತ್ತಿರಬಹುದು. ನಮ್ಮ ಗುರುಗಳು ಒತ್ತಿ ಹೇಳುತ್ತಿದ್ದುದು ಬೇರೆ: ಅವರ ಯಂತ್ರ ಸಿಂಗಲ್ ಸಿಸ್ಟಂ, ಅಂದರೆ ಚಿತ್ರ ಮೂಡುವ ನೆಗೆಟಿವ್ ಪಟ್ಟಿಯ ಅಂಚಿನಲ್ಲೇ ಧ್ವನಿಯೂ ಬೆಳಕಿನ ಗೆರೆಯಾಗಿ ಮೂಡುತ್ತಿತ್ತು.

ಇದರಿಂದ ಏನಾಯಿತು ನೋಡು. ಕ್ಯಾಮೆರಾದಲ್ಲಿ ಚಿತ್ರ ಮೂಡುವ ಕಿಂಡಿಯ ಮುಂದೆ ಫಿಲ್ಮು ಸೆಕೆಂಡಿಗೆ 24 ಸಲ ನಿಂತು ನಿಂತು ಹೋಗುತ್ತದೆ, ಧ್ವನಿಗಾದರೋ ಅದು ಎಲ್ಲಿಯೂ ಕುಲುಕದೆ ಸಮನಾಗಿ ಹರಿಯಬೇಕು. ಒಂದೇ ಜಾಗದಲ್ಲಿ ಎರಡೂ ಆಗುವಂತಿಲ್ಲವಾದ್ದರಿಂದ ಧ್ವನಿಯನ್ನು ಕಿಂಡಿಯಿಂದ ಸುಮಾರು 20 ಫ್ರೇಮಿನಷ್ಟು ಆಚೆ, ಆಗಲೇ ಕಿಂಡಿ ದಾಟಿಹೋದ ಫಿಲ್ಮಿನ ಮೇಲೆ, ಅಚ್ಚು ಮಾಡುತ್ತಿದ್ದರು. ಹಾಗಾಗಿ ಒಂದು ಚಿತ್ರಕ್ಕೆ ಸೇರಿದ ಮಾತು ಆ ಚಿತ್ರದ ಪಕ್ಕದಲ್ಲಿರುವುದಿಲ್ಲ, ಅದಕ್ಕಿಂತ 20 ಫ್ರೇಮು ಮೊದಲೇ ಇರುತ್ತದೆ. ಲೆಕ್ಕಕ್ಕೆ ಮುಕ್ಕಾಲು ಸೆಕೆಂಡಿಗಿಂತ ತುಸು ಹೆಚ್ಚು, ಅಷ್ಟೆ. ಆದರೆ ಕತ್ತರಿ ಹಿಡಿದು ಕುಳಿತವನಿಗೆ ಅಷ್ಟೇ ಸಾಕು.

ಗುರುಗಳು ಕೊಡುತ್ತಿದ್ದ ಉದಾಹರಣೆಯನ್ನೇ ಕೊಡುತ್ತೇನೆ. ರಾಣಿ ತುಟಿ ತೆರೆದು ‘ಬೇಡ, ಹೋಗು’ ಅನ್ನುತ್ತಾಳೆ ಎಂದಿಟ್ಟುಕೊ. ಅವಳು ತುಟಿ ತೆರೆಯುವ ಫ್ರೇಮಿಗೆ ಸರಿಯಾಗಿ ಮುಂಚೆ ಕತ್ತರಿಸಿ, ರಾಜನಿರುವ ಮುಂಚಿನ ತುಂಡಿಗೆ ಅಂಟಿಸಿದರೆ, ‘ಬೇಡ’ ಎಂಬ ಮಾತು ಇರುವುದು ಕತ್ತರಿಸಿ ಬಿಸಾಡಿದ ತುಂಡಿನ ಅಂಚಿನಲ್ಲಿ. ಪರದೆಯ ಮೇಲೆ ಅವಳ ತುಟಿ ಎರಡು ಸಲ ಆಡುತ್ತದೆ, ಕಿವಿಗೆ ಬೀಳುವುದು ‘ಹೋಗು’ ಮಾತ್ರ. ಅಷ್ಟೂ ಸಾಲದೆಂಬಂತೆ, ಮುಂಚಿನ ತುಂಡಿನ ಬಾಲದಲ್ಲಿ ಉಳಿದುಕೊಂಡ ಸದ್ದು, ಆ ರಾಜ ಕೆಮ್ಮಿದ್ದೋ ನಿರ್ದೇಶಕರು ‘ಕಟ್’ ಎಂದದ್ದೋ, ರಾಣಿಯ ಮುಖದ ಮೇಲೆ ಬಂದು ಕೂರುತ್ತದೆ. ಇದನ್ನು ತಪ್ಪಿಸಲು ಅವರಿಗಿದ್ದ ದಾರಿ ಒಂದೇ: ಮಾತಿಗೆ ಮೊದಲು ಒಂದು ಕ್ಷಣ, ಮಾತು ಮುಗಿದ ಮೇಲೆ ಒಂದು ಕ್ಷಣ ನಟರು ಬಾಯಿ ಮುಚ್ಚಿ ಸುಮ್ಮನೆ ನಿಲ್ಲಬೇಕು, ಇಡೀ ಸೆಟ್ಟೂ ಉಸಿರು ಬಿಗಿಹಿಡಿಯಬೇಕು. ಹಳೆಯ ಟಾಕಿಗಳಲ್ಲಿ ಪಾತ್ರಗಳು ಒಬ್ಬರ ಮಾತಿಗೆ ಇನ್ನೊಬ್ಬರು ತಡವಾಗಿ ಉತ್ತರ ಕೊಡುವುದನ್ನು ಕಂಡು ನಾವು ‘ಎಲ್ಲಾ ನಾಟಕ ಕಂಪನಿಯ ಗತ್ತು’ ಎಂದು ನಗುತ್ತಿದ್ದೆವು. ನಾಟಕದ ಗತ್ತು ಇದ್ದದ್ದು ನಿಜವೇ, ಆದರೆ ಸ್ವಲ್ಪ ಭಾಗ ಈ 20 ಫ್ರೇಮಿನದೂ ಹೌದು ಎಂದು ಗುರುಗಳು ನಂಬಿದ್ದರು, ನಾನೂ ನಂಬಿದ್ದೇನೆ. ಕತ್ತರಿಸುವುದೇ ಇಷ್ಟು ಕಷ್ಟವಾದ ಮೇಲೆ ಮೂಕಿಯಲ್ಲಿ ಹತ್ತು ತುಂಡಾಗಿ ತೆಗೆಯುತ್ತಿದ್ದ ದೃಶ್ಯವನ್ನು ಒಂದೇ ಉದ್ದನೆಯ ಶಾಟಿನಲ್ಲಿ, ಕದಲದ ಕ್ಯಾಮೆರಾದಿಂದ ತೆಗೆಯುವುದೇ ಮೇಲೆನಿಸಿತು. ಒಂದು ನಿಮಿಷಕ್ಕೆ 90 ಅಡಿ ಫಿಲ್ಮು. ಅಂಥ ಉದ್ದನೆಯ ಶಾಟು ಮೂರನೆಯ ನಿಮಿಷದಲ್ಲಿ ಕೆಟ್ಟರೆ 270 ಅಡಿ ಚಿತ್ರ, ಮಾತು, ಹಾಡು ಎಲ್ಲ ಒಟ್ಟಿಗೆ ಕಸದ ಬುಟ್ಟಿಗೆ. ಧ್ವನಿಯನ್ನು ಮಾತ್ರ ಬದಲಾಯಿಸೋಣವೆಂದರೆ ಅದು ಚಿತ್ರಕ್ಕೇ ಅಂಟಿಕೊಂಡಿದೆ.

ಈಗ ಮತ್ತೆ ನಿನ್ನ ಭಯಕ್ಕೆ ಬರುತ್ತೇನೆ. ಕೈ ಎತ್ತಿದರೆ ಎಲ್ಲರೂ ತಿರುಗಿ ನೋಡುತ್ತಾರೆ ಎಂದು ಬರೆದಿದ್ದೀಯಲ್ಲ, ಆ ಕಾಲದವನಿಗೆ ಇನ್ನೊಂದು ಕಷ್ಟವೂ ಇತ್ತು. ಕನ್ನಡದ ಮೊದಲ ಟಾಕಿಯಾಗಿ ತೆರೆಕಂಡ ‘ಸತಿ ಸುಲೋಚನಾ’ ಬೆಂಗಳೂರಿನ ಪ್ಯಾರಾಮೌಂಟ್ ಚಿತ್ರಮಂದಿರಕ್ಕೆ 1934ರ ಮಾರ್ಚ್ 3ರಂದು ಬಂತು, ತಯಾರಾದದ್ದು ಮಾತ್ರ ಕೊಲ್ಹಾಪುರದ ಛತ್ರಪತಿ ಸ್ಟುಡಿಯೊದಲ್ಲಿ. ಅದಕ್ಕೂ ಮುಂಚೆ, 1931ರಲ್ಲಿ, ಎಚ್. ಎಂ. ರೆಡ್ಡಿಯವರ ‘ಕಾಳಿದಾಸ್’ ತಮಿಳು, ತೆಲುಗು ಮಾತುಗಳನ್ನು ಹೊತ್ತು ಮುಂಬಯಿಯಲ್ಲೇ ತಯಾರಾಗಿತ್ತು. ಮಾತು ಒಂದು ಸೀಮೆಯದು, ಯಂತ್ರ ಇನ್ನೊಂದು ಸೀಮೆಯದು. ಭಾಷೆ ಬಾರದವನೊಬ್ಬ ಆ ಯಂತ್ರದ ಮುಂದೆ ಕುಳಿತಿದ್ದಾನೆಂದು ಊಹಿಸಿಕೊ. ನಟ ‘ಳ’ಕಾರ ತಪ್ಪಿದನೋ, ಪದ ನುಂಗಿದನೋ ಅವನಿಗೆ ತಿಳಿಯದು. ಅವನಿಗೆ ತಿಳಿಯುವುದು ದನಿ ಹೆಚ್ಚಾಯಿತೇ, ಕಡಿಮೆಯಾಯಿತೇ, ನಟ ಮುಖ ತಿರುಗಿಸಿದಾಗ ಮಾತು ಮಡಕೆಯೊಳಗಿಂದ ಬಂದಂತಾಯಿತೇ ಎಂಬುದಷ್ಟೇ. ಅದರ ಮೇಲೆ ನಮ್ಮ ನಟರೆಲ್ಲ ಕೊನೆಯ ಬೆಂಚಿಗೆ ಕೇಳಿಸುವಂತೆ ಎದೆಯಿಂದ ದನಿ ತೆಗೆದು ಪಳಗಿದವರು. ‘ಸತಿ ಸುಲೋಚನಾ’ದಲ್ಲಿ ರಾವಣನಾಗಿದ್ದ ಆರ್. ನಾಗೇಂದ್ರರಾಯರೂ ಇಂದ್ರಜಿತುವಾಗಿದ್ದ ಸುಬ್ಬಯ್ಯ ನಾಯ್ಡುಗಳೂ ರಂಗಭೂಮಿಯಿಂದಲೇ ಬಂದವರು. ನಾಟಕದಲ್ಲಿ ಶಿಳ್ಳೆ ಗಿಟ್ಟಿಸುವ ಗರ್ಜನೆ ಮೈಕಿನ ಹತ್ತಿರ ಬಂದರೆ ಬೆಳಕಿನ ಗೆರೆ ತನ್ನ ಮಿತಿ ಮುಟ್ಟಿ, ತಲೆ ಕತ್ತರಿಸಿದಂತಾಗಿ, ಮಾತು ಒಡಕು ತಮಟೆಯಂತೆ ಕೇಳಿಸುತ್ತದೆ. ಆಮೇಲೆ ಅದನ್ನು ಯಾರೂ ಸರಿಮಾಡಲಾರರು. ಅಂಥ ನಟರಿಗೆ ‘ಸ್ವಾಮಿ, ಸ್ವಲ್ಪ ಮೆಲ್ಲಗೆ’ ಎಂದು ಹೇಳಬೇಕಾದವನ ಎದೆ ಹೇಗೆ ಹೊಡೆದುಕೊಂಡಿರಬೇಕು!

ಆದರೂ ಹೇಳುತ್ತಿದ್ದರು, ಹೇಳದೆ ವಿಧಿಯಿರಲಿಲ್ಲ. ನನ್ನ ಕಾಲಕ್ಕೆ ವಿಧಿಯಿತ್ತು, ಅದೇ ನನ್ನನ್ನು ಕೆಡಿಸಿತು. ಧ್ವನಿಗೆ ಬೇರೆ ಪಟ್ಟಿ, ಚಿತ್ರಕ್ಕೆ ಬೇರೆ ಪಟ್ಟಿ ಆಗಿ ಎಷ್ಟೋ ವರ್ಷಗಳಾಗಿದ್ದವು. (ನೀನು ಪ್ರತಿ ಶಾಟಿಗೂ ತಟ್ಟಿಸುವ ಕ್ಲ್ಯಾಪ್ ಹಲಗೆಗೆ ಕೆಲಸ ಬಂದದ್ದೇ ಈ ಎರಡು ಪಟ್ಟಿ ಅಗಲಿದ ಮೇಲೆ. ಒಂದೇ ಪಟ್ಟಿಯಾಗಿದ್ದಾಗ ಮಾತನ್ನೂ ತುಟಿಯನ್ನೂ ಕೂಡಿಸಲು ಯಾರೂ ಏನೂ ತಟ್ಟಬೇಕಾಗಿರಲಿಲ್ಲ.) ಹಾಡುಗಳು ಮೊದಲೇ ಸ್ಟುಡಿಯೊದಲ್ಲಿ ಮುದ್ರಣವಾಗುತ್ತಿದ್ದವು. ಅಂಥ ಒಂದು ರಾತ್ರಿ ನಮ್ಮ ಗುರುಗಳಿಗೆ ಜ್ವರ ಬಂದು ನಾನೊಬ್ಬನೇ ಕುಳಿತಿದ್ದೆ. ಆರು ಟೇಕು ಕೆಟ್ಟಿದ್ದವು. ಏಳನೆಯದರ ಎರಡನೆಯ ಚರಣದಲ್ಲಿ ಹಾಡುವವರ ದನಿ ಎಲ್ಲಿಗೋ ಹೋಯಿತು, ಪಿಟೀಲಿನವರು ಕಣ್ಣು ಮುಚ್ಚಿ ನುಡಿಸುತ್ತಿದ್ದರು, ಆಗ ಒಂದು ಮೈಕಿನ ತಂತಿಯಿಂದ ಸಣ್ಣದಾಗಿ, ನೊಣ ಕೂತಂತೆ, ಗುಂಯ್ ಎಂಬ ಸದ್ದು ಬಂದದ್ದು ನನಗೆ ಕೇಳಿಸಿತು. ಕೈ ತೊಡೆಯ ಮೇಲಿಂದ ಏಳಲಿಲ್ಲ. ‘ಆಮೇಲೆ ನೋಡಿಕೊಳ್ಳಬಹುದು’ ಎಂದು ನನಗೆ ನಾನೇ ಹೇಳಿಕೊಂಡೆ, ಹಾಗೆ ಹೇಳಿಕೊಳ್ಳಲು ಅವಕಾಶವಿತ್ತು. ಎಲ್ಲರೂ ಎದ್ದು ತಬ್ಬಿಕೊಂಡರು, ಬೆಳಿಗ್ಗೆ ಹಾಡಿದವರು ಊರು ಬಿಟ್ಟರು. ಆ ಹಾಡು ಈಗಲೂ ರೇಡಿಯೊದಲ್ಲಿ ಬರುತ್ತದೆ. ಜನ ಕೇಳುವುದು ಪಿಟೀಲು, ನಾನು ಕೇಳುವುದು ಗುಂಯ್. ಗುರುಗಳು ಬೈಯಲಿಲ್ಲ. ‘ನಮ್ಮ ಕಾಲದಲ್ಲಾಗಿದ್ದರೆ ನೀನು ಎತ್ತಿರುತ್ತಿದ್ದೆ’ ಎಂದಷ್ಟೇ ಅಂದರು. ಅವರು ಬೈದಿದ್ದರೆ ಚೆನ್ನಾಗಿತ್ತು ಎಂದು ಇಂದಿಗೂ ಅನ್ನಿಸುತ್ತದೆ.

ಹೀಗಿರುವವನು ನಿನಗೆ ಬುದ್ಧಿ ಹೇಳುವುದು ತಕ್ಕದ್ದಲ್ಲ. ಆದರೂ ಒಂದೆರಡು ಮಾತು, ಬೇಕೆನಿಸಿದರೆ ಇಟ್ಟುಕೊ. ನಟಿ ಅಳುತ್ತಿರುವಾಗ ಕೈ ಎತ್ತಬೇಕಾಗಿಲ್ಲ. ಮಾತು ಮುಗಿದು ‘ಕಟ್’ ಆದ ಮೇಲೆ, ಚಪ್ಪಾಳೆಗೆ ಮುಂಚೆ, ನಿರ್ದೇಶಕರ ಹತ್ತಿರ ಹೋಗಿ ಅವರ ಕಿವಿಯಲ್ಲಿ ಮಾತ್ರ ಹೇಳಬಹುದು. ಆಗ ತಿರುಗಿ ನೋಡುವವರು ಒಬ್ಬರೇ. ಟೇಕಿನ ಸಂಖ್ಯೆಯ ಮುಂದೆ ‘ಫ್ರಿಜ್’ ಎಂದು ಬರೆದಿಡು. ಆ ಕೋಣೆಯ ಬರಿಯ ಸದ್ದನ್ನು ಯಾರೂ ಮಾತನಾಡದೆ ಅರ್ಧ ನಿಮಿಷ ಮುದ್ರಿಸಿಕೊಂಡಿರುತ್ತೀಯಷ್ಟೆ, ಇಲ್ಲವಾದರೆ ಇನ್ನು ಮುಂದೆ ಮಾಡಿಕೊ. ಫ್ರಿಜ್ಜಿನ ಪ್ಲಗ್ಗನ್ನು ಮೊದಲೇ ಕಿತ್ತಿಟ್ಟು, ಮರೆಯದಂತೆ ನಿನ್ನ ಚೀಲದ ಕೀಲಿಯನ್ನು ಅದರೊಳಗೆ ಇಡುವುದೂ ಒಂದು ಉಪಾಯ, ಮನೆಯವರ ಹಾಲು ಕೆಡಬಾರದು ನೋಡು. ಇದಕ್ಕಿಂತ ಹೆಚ್ಚು ನನಗೆ ತೋಚುವುದಿಲ್ಲ.

‘ಆಲಂ ಆರಾ’ ಆಗಲಿ ‘ಸತಿ ಸುಲೋಚನಾ’ ಆಗಲಿ ಇಂದು ಒಂದು ಪ್ರತಿಯೂ ಉಳಿದಿಲ್ಲ. ಅವರು ಆ ರಾತ್ರಿಗಳಲ್ಲಿ ಎಷ್ಟು ಸಲ ಕೈ ಎತ್ತಿದರು, ಎಷ್ಟು ಸಲ ಬಿಟ್ಟರು ಎಂದು ಕಿವಿಯಿಟ್ಟು ಕೇಳುವ ದಾರಿ ಇಲ್ಲ. ನಿನ್ನ ಟೇಕು ಇದೆ. ಅದನ್ನು ನನಗೆ ಕಳುಹಿಸು, ಫೋನಿನಲ್ಲಿ ಬೇಡ, ಪೂರ್ಣ ಕಡತವನ್ನೇ ಕಳುಹಿಸು, ಪಕ್ಕದ ಮನೆಯ ಹುಡುಗ ದೊಡ್ಡ ಸ್ಪೀಕರಿಗೆ ಹಾಕಿಕೊಡುತ್ತಾನೆ. ನನಗೆ ಈಗ ಹಕ್ಕಿಯ ಕೂಗೂ ಬಳೆಯ ಸದ್ದೂ ಸರಿಯಾಗಿ ಕೇಳಿಸುವುದಿಲ್ಲ. ಗುಂಯ್ ಎನ್ನುವುದು ಮಾತ್ರ ಕೇಳಿಸುತ್ತದೆ.

ಇತಿ,
ನಿನ್ನ ಚಿಕ್ಕತಾತ