ಸೈಟ್ ಎಂಜಿನಿಯರ್ ಇಂಟರ್‌ವ್ಯೂ: ಕಾಂಪ್ಯಾಕ್ಷನ್ ಪ್ರಶ್ನೆ

ಗೆಳೆಯರೇ, ಈ ಪ್ರಶ್ನೋತ್ತರ ಬಾಯಿಪಾಠ ಬೇಡ, ಲೆಕ್ಕ ಮಾಡಿ ನೋಡಿ.

ಪ್ರಶ್ನೆ: ಕೋರ್ ಕಟರ್‌ನಲ್ಲಿ ಬಂದ ಹಸಿ ಸಾಂದ್ರತೆ 2.05 g/cc, ತೇವಾಂಶ 17%. ಲ್ಯಾಬ್‌ನ ಗರಿಷ್ಠ ಒಣ ಸಾಂದ್ರತೆ 1.85, ಸೂಕ್ತ ತೇವಾಂಶ 14%. ಬೇಕಿರುವುದು ಆ ಗರಿಷ್ಠ ಒಣ ಸಾಂದ್ರತೆಯ 95%. ಪಾಸಾ?

ಉತ್ತರ: ಒಣ ಸಾಂದ್ರತೆ 2.05 ÷ 1.17 = 1.752. ಅದನ್ನು 1.85ರಿಂದ ಭಾಗಿಸಿದರೆ 94.7%, ಫೇಲ್. ಹಸಿ ಸಾಂದ್ರತೆಯನ್ನೇ ನೇರವಾಗಿ ಭಾಗಿಸಿದವರಿಗೆ ಸುಮಾರು 111% ಬರುತ್ತದೆ. ಅಷ್ಟು ಬಂದರೆ ಮೊದಲು ನಿಮ್ಮ ಲೆಕ್ಕವನ್ನೇ ಅನುಮಾನಿಸಿ.

ಪ್ರಶ್ನೆ: ಇನ್ನೆರಡು ಸಲ ರೋಲರ್ ಓಡಿಸೋಣವೇ?

ಉತ್ತರ: ಬೇಡ. ಹೆಚ್ಚಾದ ನೀರು ಮಣ್ಣಿನ ಕಣಗಳ ನಡುವಿನ ಜಾಗ ಹಿಡಿದು ಕೂತಿದೆ. ರೋಲರ್ ಕೆಳಗೆ ನೆಲ ರಬ್ಬರಿನಂತೆ ಏಳುಬೀಳಾದರೆ ಅದೇ ಗುರುತು. ಆ ಪದರವನ್ನು ಕೆದಕಿ, 14%ರ ಹತ್ತಿರ ಬರುವಷ್ಟು ಒಣಗಿಸಿ, ಮತ್ತೆ ರೋಲ್ ಮಾಡಿ ಪರೀಕ್ಷಿಸಬೇಕು. ಜಲ್ಲಿ ಬೆರೆತ ಮಣ್ಣಾದರೆ ಕೋರ್ ಕಟರ್ ಸರಿಯಾಗಿ ಇಳಿಯದು, ಅಲ್ಲಿ ಸ್ಯಾಂಡ್ ರಿಪ್ಲೇಸ್‌ಮೆಂಟ್ ಮಾಡಿ.