ಮಾತು ಬಿಡುವ ಮನೆ, ಕೂಗಾಡುವ ಮನೆ

ಪ್ರೀತಿಯ ಗೆಳೆಯ,

ನಿನ್ನ ಪತ್ರವನ್ನು ಎರಡು ಸಲ ಓದಿದೆ. “ಅವಳು ದನಿ ಏರಿಸುತ್ತಾಳೆ, ನಾನು ಬೈಕ್ ಹತ್ತಿ ಹೊರಟುಬಿಡುತ್ತೇನೆ, ಮರಳಿ ಬರುವಷ್ಟರಲ್ಲಿ ಅವಳ ಸಿಟ್ಟು ಇಮ್ಮಡಿಯಾಗಿರುತ್ತದೆ” ಎಂದು ಬರೆದಿದ್ದೀಯ. ಮದುವೆಯಾದ ಮೊದಲ ಆರು ವರ್ಷ ನಮ್ಮ ಮನೆಯಲ್ಲೂ ನಡೆದದ್ದು ಇದೇ. ಹಾಗಾಗಿ ನಮ್ಮದನ್ನೇ ನಿನಗೆ ಬರೆಯುತ್ತೇನೆ. ಬೇರೆಯವರಿಗೂ ಬೇಕಾಗಬಹುದು, ಎಲ್ಲರೂ ಓದುವಂತೆ ಹಾಕಿ ಎಂದವಳು ನಿನ್ನ ಅತ್ತಿಗೆಯೇ.

ತೀರ್ಥಹಳ್ಳಿ ಕಡೆಯ ನಮ್ಮ ತೋಟದ ಮನೆಗೆ ನೀನು ರಜೆಯಲ್ಲಿ ಬಂದಿದ್ದೀಯಲ್ಲ, ಅಲ್ಲಿ ಯಾರಾದರೂ ಜಗಳವಾಡಿದ್ದನ್ನು ಕೇಳಿದ ನೆನಪಿದೆಯೇ? ಇರಲಾರದು. ನಮ್ಮಲ್ಲಿ ಜಗಳವೆಂದರೆ ಮಾತು ಬಿಡುವುದು. ಅಪ್ಪ ಕತ್ತಿ ಹಿಡಿದು ತೋಟಕ್ಕೆ ಇಳಿಯುತ್ತಿದ್ದರು. ಅಮ್ಮ ಕಾಫಿ ಲೋಟವನ್ನು ಅವರ ಕೈಗೆ ಕೊಡದೆ ಜಗಲಿಯ ಅಂಚಿಗೆ ಇಟ್ಟು ಒಳಗೆ ಹೋಗುತ್ತಿದ್ದಳು. ಲೋಟ ಅಂಚಿನಲ್ಲಿ ಕಂಡ ದಿನ ನಾನೂ ಅಕ್ಕನೂ ಮೆಲ್ಲಗೆ ನಡೆಯುತ್ತಿದ್ದೆವು. “ನಿಮ್ಮಪ್ಪನಿಗೆ ಊಟಕ್ಕೆ ಬರಲು ಹೇಳು” ಎಂದು ಅಮ್ಮ, “ಆಮೇಲೆ ಮಾಡುತ್ತಾರಂತೆ ಎಂದು ಹೇಳು” ಎಂದು ಅಪ್ಪ. ಹತ್ತಡಿ ದೂರದಲ್ಲಿದ್ದ ಇಬ್ಬರ ನಡುವೆ ಸುದ್ದಿ ಒಯ್ಯುವ ಕೆಲಸ ನನ್ನದು. ಹೀಗೆ ಇಬ್ಬರ ನಡುವಿನ ಬಿಗುವು ತಾಳಲಾರದೆ ಮೂರನೆಯವರನ್ನು ಎಳೆದುಕೊಳ್ಳುವುದಕ್ಕೆ ಅಮೆರಿಕದ ಮನೋವೈದ್ಯ ಮರ್ರೆ ಬೋವೆನ್ ತ್ರಿಕೋನ ಎಂದು ಹೆಸರಿಟ್ಟಿದ್ದ. ಅದರ ಮೂರನೆಯ ಮೂಲೆಯಲ್ಲಿ ನಾನು ನಿಂತಿದ್ದೆ ಎನ್ನುವುದು ತಿಳಿದದ್ದು ನಲವತ್ತರ ಹತ್ತಿರ ಬಂದ ಮೇಲೆ.

ನಿನ್ನ ಅತ್ತಿಗೆ ಬೆಳೆದದ್ದು ಹುಬ್ಬಳ್ಳಿಯ ಕೂಡು ಕುಟುಂಬದಲ್ಲಿ, ಹದಿಮೂರು ಜನರ ನಡುವೆ. ಸಂಜೆ ಅಂಗಡಿಯ ಲೆಕ್ಕ ನೋಡುವಾಗ ದೊಡ್ಡಪ್ಪ, ಅಪ್ಪ, ಕಾಕಾ ಮೂವರೂ ಕೂಗಾಡುವುದು ದಿನನಿತ್ಯದ ಮಾತು. ಅರ್ಧ ಗಂಟೆಯ ನಂತರ ಅದೇ ಮೂವರು ಒಂದೇ ಸಾಲಿನಲ್ಲಿ ಊಟಕ್ಕೆ ಕುಳಿತು ಒಬ್ಬರ ತಟ್ಟೆಗೆ ಇನ್ನೊಬ್ಬರು ರೊಟ್ಟಿ ಹಾಕುತ್ತಿದ್ದರು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುವ ಗಾದೆ ಆ ಮನೆಯಲ್ಲಿ ಎಲ್ಲರಿಗೂ ಸಲ್ಲುತ್ತಿತ್ತು. ಒಂದೇ ಒಂದು ಸಲ ಕಾಕಾ ಕೂಗಲಿಲ್ಲ. ದೀಪಾವಳಿಯ ಮುಂಚೆ ಸುಮ್ಮನಾದವರು ಹಬ್ಬ ಮುಗಿದರೂ ಬಾಯಿ ಬಿಡಲಿಲ್ಲ. ಹಬ್ಬವಾದ ವಾರಕ್ಕೆ ಬೇರೆ ಒಲೆ ಹೂಡಿದರು. ಆಗ ಅವಳಿಗೆ ಒಂಬತ್ತು ವರ್ಷ.

ಈಗ ನಮ್ಮ ಒಂದು ಜಗಳವನ್ನು ನೋಡು. ಅಕ್ಕನಿಗೆ ನಾನು ಇಪ್ಪತ್ತು ಸಾವಿರ ರೂಪಾಯಿ ಕಳಿಸಿದ್ದೆ, ಇವಳಿಗೆ ಹೇಳಿರಲಿಲ್ಲ. ಬ್ಯಾಂಕಿನ ಸಂದೇಶ ನೋಡಿ ಕೇಳಿದಳು. ನಾನು “ಆಮೇಲೆ ಮಾತನಾಡೋಣ” ಎಂದೆ. ಅವಳು ದನಿ ಏರಿಸಿದಳು. ನಾನು ಚಪ್ಪಲಿ ಮೆಟ್ಟಿ ತಾರಸಿಗೆ ಹೋದೆ. ಅವಳು ಮೆಟ್ಟಿಲು ಹತ್ತಿ ಹಿಂದೆಯೇ ಬಂದಳು, ನಾನು ಅಲ್ಲಿಂದಲೂ ಇಳಿದು ಬೀದಿಗೆ ನಡೆದೆ. ಹಣದ ಮಾತು ಮೊದಲ ಎರಡು ನಿಮಿಷಕ್ಕೇ ಮುಗಿದಿತ್ತು. ಉಳಿದ ಎರಡು ದಿನ ನಾವು ಜಗಳವಾಡಿದ್ದು ಜಗಳವಾಡುವ ಬಗೆಯ ಬಗ್ಗೆ.

ಒಬ್ಬರು ಬೆನ್ನು ಹತ್ತುವುದು, ಇನ್ನೊಬ್ಬರು ಹಿಂಜರಿಯುವುದು, ಅವರು ಹಿಂಜರಿದಷ್ಟೂ ಇವರು ಇನ್ನೂ ಜೋರಾಗಿ ಬೆನ್ನು ಹತ್ತುವುದು. ಲಾಸ್ ಏಂಜಲೀಸ್‌ನ ಮನಶ್ಶಾಸ್ತ್ರಜ್ಞ ಆಂಡ್ರ್ಯೂ ಕ್ರಿಸ್ಟೆನ್ಸನ್ ದಂಪತಿಗಳಲ್ಲಿ ಬಹುಕಾಲ ಅಧ್ಯಯನ ಮಾಡಿದ್ದು ಈ ಸುತ್ತನ್ನೇ. ಯಾರು ಮೊದಲು ಮಾಡಿದರು ಎಂದು ಕೇಳಿದರೆ ಇಬ್ಬರೂ ಎದುರಿನವರತ್ತ ಕೈ ತೋರಿಸುತ್ತಾರೆ, ಇಬ್ಬರೂ ಹೇಳುವುದು ನಿಜವೇ. ನಮ್ಮಿಬ್ಬರಲ್ಲಿ ಅದರ ಬೇರು ಎಲ್ಲಿತ್ತು ಎಂಬುದು ನನಗೆ ಹೊಳೆದದ್ದು ಕಾಕಾನ ಕಥೆ ಕೇಳಿದ ಮೇಲೆ. ನನಗೆ ಸುಮ್ಮನಿರುವುದೆಂದರೆ ಕೆಟ್ಟ ಮಾತು ಬಾಯಿಂದ ಬೀಳದಂತೆ ಹಿಡಿದುಕೊಳ್ಳುವುದು, ಅದೊಂದು ಮರ್ಯಾದೆ. ಅವಳಿಗೆ ಅದು ಬೇರೆ ಒಲೆ ಹೂಡುವ ಮುನ್ಸೂಚನೆ. ಅವಳಿಗೆ ಕೂಗುವುದೆಂದರೆ “ನಾನು ಇಲ್ಲೇ ಇದ್ದೇನೆ, ಬಿಟ್ಟು ಹೋಗಿಲ್ಲ” ಎನ್ನುವುದು. ಕೂಗನ್ನೇ ಕೇಳದೆ ಬೆಳೆದ ನನಗೆ ಅದು ಮನೆಗೆ ಸಿಡಿಲು ಬಡಿದಂತೆ. ಒಬ್ಬರು ಹಚ್ಚುವ ಮದ್ದೇ ಇನ್ನೊಬ್ಬರ ಗಾಯವನ್ನು ಕೆದಕುತ್ತಿತ್ತು.

ಇದನ್ನು ನಾವು ಕಂಡುಕೊಂಡ ಬಗೆ ಹೇಳುತ್ತೇನೆ. ಹಳೆಯ ಕ್ಯಾಲೆಂಡರಿನ ಹಾಳೆಯ ಹಿಂಬದಿಯಲ್ಲಿ ಇಬ್ಬರ ಮನೆಯವರನ್ನೂ ಮೂರು ತಲೆಮಾರಿನಷ್ಟು ಬರೆದೆವು. ಕುಟುಂಬ ಚಿಕಿತ್ಸಕರು ಮಾಡುವಂತೆ ಗಂಡಸರಿಗೆ ಚೌಕ, ಹೆಂಗಸರಿಗೆ ವೃತ್ತ, ಜಗಳವಿದ್ದ ಕಡೆ ಅಂಕುಡೊಂಕು ಗೆರೆ, ಮಾತು ಬಿಟ್ಟವರ ನಡುವೆ ತುಂಡಾದ ಗೆರೆ. ಆಮೇಲೆ ಒಬ್ಬರನ್ನೊಬ್ಬರು ಕೇಳಿದೆವು: ನಿಮ್ಮ ಮನೆಯಲ್ಲಿ ಸಿಟ್ಟು ಬಂದಿದೆ ಎಂದು ಹೇಗೆ ತಿಳಿಯುತ್ತಿತ್ತು? ಯಾವುದರ ಬಗ್ಗೆ ಮಾತನಾಡುವಂತೆಯೇ ಇರಲಿಲ್ಲ? ಆಗ ನೀನು ಎಲ್ಲಿ ನಿಂತಿರುತ್ತಿದ್ದೆ? ಜಗಳ ಹೇಗೆ ಮುಗಿಯುತ್ತಿತ್ತು? ಕೊನೆಯ ಪ್ರಶ್ನೆಗೆ ನನ್ನ ಬಳಿ ಉತ್ತರವೇ ಇರಲಿಲ್ಲ. ಮುಂದಿನ ಸಲ ಊರಿಗೆ ಹೋದಾಗ ಅಮ್ಮನನ್ನೇ ಕೇಳಿದೆ. ಅಕ್ಕಿ ಆರಿಸುತ್ತಿದ್ದವಳು ಮೊರದಿಂದ ತಲೆ ಎತ್ತದೆ ಹೇಳಿದಳು: “ತೋಟದಿಂದ ಬರುವಾಗ ಎಳೆಯ ವೀಳ್ಯದೆಲೆ ಕೊಯ್ದು ತಂದು ನನ್ನ ತಟ್ಟೆಯಲ್ಲಿ ಇಡುತ್ತಿದ್ದರು. ಅಲ್ಲಿಗೆ ಮುಗಿಯಿತು.” ಮೂವತ್ತು ವರ್ಷ ಆ ಎಲೆ ತಟ್ಟೆಯನ್ನು ನೋಡಿದ್ದೇನೆ, ಅದು ರಾಜಿ ಎಂದು ನನಗೆ ಗೊತ್ತೇ ಇರಲಿಲ್ಲ. ನಾನು ಅಪ್ಪನಿಂದ ತೋಟಕ್ಕೆ ಇಳಿಯುವುದನ್ನು ಮಾತ್ರ ಕಲಿತಿದ್ದೆ, ಎಲೆ ತರುವುದನ್ನು ಕಲಿತಿರಲಿಲ್ಲ.

ಎದ್ದು ಹೋಗುವುದು ತಪ್ಪೆಂದು ನಾನು ಹೇಳುವುದಿಲ್ಲ. ಸಿಯಾಟಲ್‌ನಲ್ಲಿ ದಂಪತಿಗಳ ಜಗಳವನ್ನು ಮೈಗೆ ಉಪಕರಣ ಹಚ್ಚಿ ಅಳೆದ ಜಾನ್ ಗಾಟ್‌ಮನ್ ಹೇಳುವಂತೆ ನಾಡಿ ನಿಮಿಷಕ್ಕೆ 100 ದಾಟಿದ ಮೇಲೆ ಎದುರಿನವರ ಮಾತು ಕಿವಿಗೆ ಬಿದ್ದರೂ ತಲೆಗೆ ಹೋಗುವುದಿಲ್ಲ. ಮೈ ತಣಿಯಲು ಕನಿಷ್ಠ 20 ನಿಮಿಷ ಬೇಕು. ಆ ತಾರಸಿಯ ಮೇಲೆ ನಿಂತು ನಾಡಿ ಹಿಡಿದು ಎಣಿಸಿದ್ದರೆ ಎಷ್ಟಿರುತ್ತಿತ್ತೋ. ಆದರೆ ಅವಳಿಗೆ ಬೇಕಿದ್ದದ್ದು ನಾನು ಯಾವಾಗ ಬರುತ್ತೇನೆ ಎನ್ನುವ ಒಂದು ಮಾತು. ಈಗ ನಾನು “ಎಂಟೂವರೆಗೆ ಬಂದು ಇದನ್ನೇ ಮಾತನಾಡುತ್ತೇನೆ” ಎಂದು ಹೇಳಿ ಏಳುತ್ತೇನೆ. ಎದ್ದವನೇ ಮರಳಿ ಬಂದು ಮಾತು ತೆಗೆಯಬೇಕು, ಅವಳು ಕರೆಯುವ ತನಕ ಕಾಯುವಂತಿಲ್ಲ. ಅವಳು ಹಿಂದೆ ಬರುವುದಿಲ್ಲ. ಅದು ಅವಳಿಗೆ ಎಷ್ಟು ಕಷ್ಟವೆಂದು ನಾನು ಬಲ್ಲೆ, ಅದಕ್ಕೇ ಎಂಟೂವರೆ ಎಂದರೆ ಎಂಟು ಮೂವತ್ತೊಂದು ಆಗಲು ಬಿಡುವುದಿಲ್ಲ.

ಇದು ಕೆಡುವುದೂ ಉಂಟು. ಹೊರಗೆ ಹೋಗಿ ಆ ಇಪ್ಪತ್ತು ನಿಮಿಷವೂ “ಅವಳು ಹಾಗೆ ಅಂದಳಲ್ಲ” ಎಂದು ಮೆಲುಕು ಹಾಕಿದರೆ ಹೋದಾಗಿನ ಬಿಸಿಯಲ್ಲೇ ಮರಳುತ್ತೀಯ. ನಾನು ಗಿಡಗಳಿಗೆ ನೀರು ಹಾಕುತ್ತೇನೆ, ಇಲ್ಲವೇ ಬಟ್ಟೆ ಮಡಿಸುತ್ತೇನೆ. ಇನ್ನೊಂದು ತಪ್ಪು ಹೆಚ್ಚು ನೋಯಿಸುವಂಥದ್ದು, ಅದನ್ನು ನಾನೇ ಮಾಡಿದ್ದೇನೆ. ಹಾಳೆಯ ಮೇಲೆ ನಂಬಿ ಹೇಳಿಕೊಂಡದ್ದನ್ನು ಮುಂದಿನ ಜಗಳದಲ್ಲಿ “ನಿಮ್ಮ ಮನೆಯವರೆಲ್ಲ ಹೀಗೇ” ಎಂದು ಅವಳ ಮುಖಕ್ಕೆ ಎಸೆದೆ. ಆಮೇಲೆ ನಾಲ್ಕು ತಿಂಗಳು ಆ ಹಾಳೆ ಕಪಾಟಿನಿಂದ ಹೊರಗೆ ಬರಲಿಲ್ಲ. ಅವರವರ ಮನೆಯ ಬಗ್ಗೆ ಅವರವರೇ ಮಾತನಾಡಬೇಕು ಎಂದು ಈಗ ಇಬ್ಬರೂ ಒಪ್ಪಿಕೊಂಡಿದ್ದೇವೆ. ಇನ್ನೊಂದು ಮಾತು: ಹೊಡೆತ, ಬೆದರಿಕೆ, ಭಯ ಇರುವ ಕಡೆ ಇದಾವುದೂ ಸಲ್ಲದು. ಅದು ಜಗಳದ ಬಗೆಯಲ್ಲ, ಅಂಥ ಮನೆಯ ಹೆಣ್ಣುಮಗಳಿಗೆ ಬೇಕಾದದ್ದು 181 ಸಹಾಯವಾಣಿ, ಹಾಳೆ ಪೆನ್ಸಿಲ್ ಅಲ್ಲ.

ನಮ್ಮ ಮಗಳಿಗೆ ಈಗ ಏಳು ವರ್ಷ. ಅವಳ ಕೈಯಲ್ಲಿ ಸುದ್ದಿ ಕಳಿಸುವುದಿಲ್ಲ ಎಂದು ನಾವಿಬ್ಬರೂ ತೀರ್ಮಾನಿಸಿದ್ದೇವೆ. ಕೋಣೆಯ ಬಾಗಿಲು ಹಾಕಿಕೊಂಡು ರಾಜಿಯಾದರೂ ಹೊರಗೆ ಬಂದು “ಜಗಳ ಮುಗಿಯಿತು, ಹಣದ ವಿಷಯ ಇತ್ತು, ಹೀಗೆ ಬಗೆಹರಿಸಿಕೊಂಡೆವು” ಎಂದು ಅವಳಿಗೆ ಹೇಳುತ್ತೇವೆ. ಮೊನ್ನೆ ನಾನು ಗಿಡಗಳ ಹತ್ತಿರ ನಿಂತಿದ್ದಾಗ ಬಂದು ಕೇಳಿದಳು: “ಅಪ್ಪಾ, ಇವತ್ತು ಎಷ್ಟು ಗಂಟೆಗೆ?” ಎಂಟೂಕಾಲಿಗೆ ಎಂದೆ. ಸರಿ ಎಂದು ಆಡಲು ಓಡಿದಳು.

ನಿನ್ನ ಅಪ್ಪ ಅಮ್ಮನ ಜಗಳ ಹೇಗೆ ಮುಗಿಯುತ್ತಿತ್ತು ಎಂದು ನಿನ್ನ ಅಮ್ಮನನ್ನು ಒಮ್ಮೆ ಕೇಳು. ನಿನ್ನ ಹೆಂಡತಿಯ ಮನೆಯದನ್ನು ಅವಳೇ ಹೇಳಲಿ. ಯುಗಾದಿಗೆ ಇಬ್ಬರೂ ಬನ್ನಿ, ತೋಟದಲ್ಲಿ ವೀಳ್ಯದೆಲೆ ಬಳ್ಳಿ ಈಗಲೂ ಇದೆ.

ನಿನ್ನ
ಗೆಳೆಯ